ಕಾರಿನ ಬಣ್ಣ ಮತ್ತು ನನ್ನ ವಿಳಾಸ ಬದಲಾಗಿದೆ: ಪಾಲಿಸಿಗೆ ಎಂಡಾರ್ಸ್‌ಮೆಂಟ್ ಕೋರಿ

ದಿನಾಂಕ: 14-07-2025

ಇವರಿಂದ:
ಸುಧಾ ರಾವ್
ಮನೆ ನಂ. 27, ಮೊದಲ ಮಹಡಿ, 4ನೇ ಅಡ್ಡರಸ್ತೆ

ಇವರಿಗೆ:
ಶಾಖಾ ವ್ಯವಸ್ಥಾಪಕರು
ವಾಹನ ವಿಮೆ ವಿಭಾಗ

ಪಾಲಿಸಿ ಸಂಖ್ಯೆ: 3102/0048817, ಅವಧಿ 08-02-2026ರವರೆಗೆ
ವಾಹನ: ಖಾಸಗಿ ಕಾರು, ನೋಂದಣಿ ಸಂಖ್ಯೆಯ ಕೊನೆಗೆ 3816, ಚಾಸಿ ಸಂಖ್ಯೆಯ ಕೊನೆಗೆ 40718

ಮಾನ್ಯರೇ,

ಈ ಕಾರಿನ ಪಾಲಿಸಿ ನನ್ನ ಹೆಸರಿನಲ್ಲಿದೆ. ಅದರಲ್ಲಿ ಎರಡು ವಿವರ ಈಗ ಹಳತಾಗಿವೆ. ಎರಡನ್ನೂ ಒಂದೇ ಎಂಡಾರ್ಸ್‌ಮೆಂಟಿನಲ್ಲಿ ಸರಿಪಡಿಸಿಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದು ಬಣ್ಣ. ಪಾಲಿಸಿಯಲ್ಲಿ ಬಿಳಿ ಎಂದಿದೆ, ಕಾರು ಈಗ ಕಡುನೀಲಿ. ಬಾನೆಟ್ ಮತ್ತು ಚಾವಣಿಯ ಬಣ್ಣ ಬಿಸಿಲಿಗೆ ಸಿಪ್ಪೆ ಏಳುತ್ತಿತ್ತು. ಹಾಗಾಗಿ ಜೂನ್ ತಿಂಗಳಲ್ಲಿ ಪೂರ್ತಿ ಪೇಂಟ್ ಮಾಡಿಸಿದೆ. ಅಪಘಾತವೇನೂ ಆಗಿಲ್ಲ, ಇದಕ್ಕಾಗಿ ಕ್ಲೇಮ್ ಕೂಡ ಮಾಡಿಲ್ಲ. ಎಂಜಿನ್, ಬಾಡಿ, ಸೀಟುಗಳು ಯಾವುದನ್ನೂ ಬದಲಿಸಿಲ್ಲ. ಹೊಸ ಬಣ್ಣ ಆರ್‌ಸಿಯಲ್ಲೂ ದಾಖಲಾಗಿದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೊರಗೆ ಮಾತ್ರ ಪೇಂಟ್ ಆಗಿದೆ. ಬಾಗಿಲು ತೆರೆದರೆ ಕೀಲುಗಳ ಹತ್ತಿರ, ಡಿಕ್ಕಿ ಎತ್ತಿದರೆ ರಬ್ಬರ್ ಬೀಡಿಂಗ್ ಪಕ್ಕದಲ್ಲಿ ಹಳೇ ಬಿಳಿ ಕಾಣುತ್ತದೆ. ನಾಳೆ ಯಾವುದೋ ಕ್ಲೇಮ್‌ಗೆ ಬಂದ ಸರ್ವೇಯರ್ ಅದನ್ನು ನೋಡಿ ಇದು ಬೇರೆ ಗಾಡಿಯೇ ಎಂದು ಅನುಮಾನಪಡುವುದು ಬೇಡ, ಅಲ್ವಾ? ಅದಕ್ಕೇ ಆ ಜಾಗಗಳ ಫೋಟೋಗಳನ್ನೂ ಸೇರಿಸಿದ್ದೇನೆ.

ಎರಡನೆಯದು ವಿಳಾಸ. ಜುಲೈ 1ರಿಂದ ಮೇಲೆ ಬರೆದಿರುವ ಮನೆಯಲ್ಲಿದ್ದೇನೆ. ಅದೇ ಊರು, ಬಡಾವಣೆ ಮಾತ್ರ ಬೇರೆ. ಆರ್‌ಸಿಯಲ್ಲಿ ಇದನ್ನೂ ತಿದ್ದಿಸಿದ್ದೇನೆ. ಫೋನ್ ನಂಬರ್ ಹಳೆಯದೇ. ನಿಮ್ಮ ಹಿಂದಿನ ಪತ್ರವೊಂದು ಹಳೇ ಮನೆಗೆ ಹೋಗಿ, ಪಕ್ಕದ ಮನೆಯವರು ಎತ್ತಿಟ್ಟಿದ್ದರಿಂದ ನನ್ನ ಕೈಸೇರಿತು. ರಿನ್ಯೂವಲ್ ನೋಟಿಸಿಗೂ ಹಾಗೇ ಆಗುವುದು ಬೇಡ.

ಕಾರಿನ ಮೇಲೆ ಬ್ಯಾಂಕ್ ಸಾಲ ಇನ್ನೂ ಇದೆ. ಪಾಲಿಸಿಯಲ್ಲಿರುವ ಬ್ಯಾಂಕಿನ ಹೆಸರು ಹಾಗೆಯೇ ಇರಲಿ. ಐಡಿವಿ ಮತ್ತು ನೋ ಕ್ಲೇಮ್ ಬೋನಸ್ ಕೂಡ ಈಗಿರುವಂತೆಯೇ ಮುಂದುವರಿಯಲಿ. ಈ ಬದಲಾವಣೆಗೆ ಶುಲ್ಕವಿದ್ದರೆ, ಅಥವಾ ಪ್ರೀಮಿಯಂ ಜಾಸ್ತಿ ಆಗುವುದಾದರೆ, ಎಂಡಾರ್ಸ್‌ಮೆಂಟ್ ಹಾಕುವ ಮೊದಲು ಲೆಕ್ಕವನ್ನು ಬರಹದಲ್ಲಿ ತಿಳಿಸಿ.

ಗಾಡಿ ನೋಡಬೇಕಿದ್ದರೆ ಹಿಂದಿನ ದಿನ ಒಂದು ಫೋನ್ ಮಾಡಿ ಬನ್ನಿ. ಬೆಳಿಗ್ಗೆ 9ರವರೆಗೆ ಮನೆಯಲ್ಲೇ ನಿಂತಿರುತ್ತದೆ. ಎಂಡಾರ್ಸ್‌ಮೆಂಟ್ ಯಾವ ದಿನದಿಂದ ಜಾರಿ ಎಂದು ಅದರಲ್ಲೇ ನಮೂದಿಸಿ, ಪ್ರತಿಯನ್ನು ಹೊಸ ವಿಳಾಸಕ್ಕೆ ಕಳಿಸಿಕೊಡಿ. ಈ ಪತ್ರ ತಲುಪಿದ್ದಕ್ಕೆ ಜೊತೆಗಿರುವ ನಕಲಿನ ಮೇಲೆ ಸೀಲು, ದಿನಾಂಕ ಹಾಕಿಕೊಟ್ಟರೆ ಉಪಕಾರವಾಗುತ್ತದೆ.

ಲಗತ್ತುಗಳು: ಪಾಲಿಸಿ ಪ್ರತಿ, ತಿದ್ದುಪಡಿಯಾದ ಆರ್‌ಸಿ ಪ್ರತಿ, ಬಾಡಿಗೆ ಕರಾರು ಪ್ರತಿ, ಪೇಂಟಿಂಗ್ ಬಿಲ್, ಫೋಟೋ 7 (ನಾಲ್ಕು ಬದಿ, ಬಾಗಿಲಿನ ಒಳಅಂಚು, ಡಿಕ್ಕಿಯ ಅಂಚು, ಚಾಸಿ ಸಂಖ್ಯೆ).

ಇಂತಿ ತಮ್ಮ ವಿಶ್ವಾಸಿ,
ಸುಧಾ ರಾವ್