ನಾಗಶ್ರೀಗೆ, ಮದುವೆಗೆ ಬರಲಾಗದಿರುವ ಬಗ್ಗೆ

ಎಡ್ಮಂಟನ್, ಕೆನಡಾ
22 ಮಾರ್ಚ್ 2026

ಪ್ರೀತಿಯ ನಾಗಶ್ರೀ,

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀನೂ ಅಪ್ಪಯ್ಯ, ಅಮ್ಮ, ಅಜ್ಜಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀನು ಅಂಚೆಯಲ್ಲಿ ಕಳಿಸಿದ ಮದುವೆಯ ಕರೆಯೋಲೆ ಯುಗಾದಿಯ ಮರುದಿನ ನನ್ನ ಕೈಸೇರಿತು. ನಾಲ್ಕು ಮೂಲೆಗೂ ಹಚ್ಚಿದ್ದ ಅರಿಸಿನ ಮೂರು ವಾರಗಳ ಪ್ರಯಾಣದಲ್ಲಿ ಉದುರಿ ಲಕೋಟೆಯ ಒಳಗೆಲ್ಲ ಹರಡಿಕೊಂಡಿತ್ತು. ಬಿಚ್ಚುವಾಗ ನನ್ನ ಬೆರಳಿಗೂ ಹತ್ತಿತು. ಮೇಲೆ ಅಪ್ಪಯ್ಯನ ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು, ಒಳಗೆ ಅಚ್ಚಿನ ಸಾಲುಗಳ ಕೆಳಗೆ ನಿನ್ನ ಕೈಬರಹದಲ್ಲಿ, "ಬರಲೇಬೇಕು ಕಣೇ, ಕಲಶ ಹಿಡಿಯುವವಳು ನೀನೇ."

ನಾಗಶ್ರೀ, ಮೇ 6ರ ನಿನ್ನ ಮದುವೆಗೆ ನಾನು ಬರಲಾಗುವುದಿಲ್ಲ. ಇದನ್ನು ಪತ್ರದ ಕೊನೆಗೆ ತಳ್ಳಿದರೆ ಅಲ್ಲಿಯವರೆಗೂ ನೀನು ಆಸೆ ಇಟ್ಟುಕೊಂಡು ಓದುತ್ತೀಯ ಎಂಬ ಕಾರಣಕ್ಕೆ ಮೊದಲೇ ಬರೆದಿದ್ದೇನೆ. ಫೋನಿನಲ್ಲಿ ಹೇಳಲು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ನೀನು ಚಪ್ಪರದ ವಿಷಯ, ಸೀರೆಯ ವಿಷಯ ಸಂತೋಷದಿಂದ ಹೇಳುತ್ತಿದ್ದೆ. ನಡುವೆ ಬಾಯಿ ಹಾಕಲು ನನಗೆ ಮನಸ್ಸಾಗಲಿಲ್ಲ. ಆದರೆ ಇನ್ನೂ ತಡಮಾಡಿದರೆ ನಿನಗೂ ನಿನ್ನ ಮನೆಯವರಿಗೂ ತೊಂದರೆಯಾಗುತ್ತದೆ.

ಕಾರಣ ಹಣ. ರಜೆ ಸಿಗಲಿಲ್ಲ ಎಂದು ಬರೆದುಬಿಡಬಹುದಿತ್ತು, ನೀನು ಒಂದು ಮಾತೂ ಆಡದೆ ಒಪ್ಪಿಕೊಳ್ಳುತ್ತಿದ್ದೆ. ಆದರೆ ಅದು ನಿಜವಲ್ಲ. ಕೆಲಸಕ್ಕೆ ಸೇರಿ ವರ್ಷ ತುಂಬದ ಕಾರಣ ನನಗೆ ಸಂಬಳ ಸಹಿತ ರಜೆ ಇನ್ನೂ ಹುಟ್ಟಿಲ್ಲ ಎಂಬುದು ಸರಿ. ಆದರೂ ನಮ್ಮ ಪ್ರಯೋಗಾಲಯದ ಮೇಲಧಿಕಾರಿಯನ್ನು ಕೇಳಿದಾಗ ಸಂಬಳವಿಲ್ಲದೆ ಎಂಟು ದಿನ ಹೋಗಿ ಬರಬಹುದು ಎಂದು ಅವರು ಅನುಮತಿ ಕೊಟ್ಟಿದ್ದಾರೆ. ಹೀಗಿರುವಾಗ ರಜೆಯ ಮೇಲೆ ತಪ್ಪು ಹೊರಿಸಿ ನಿನಗೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ.

ಲೆಕ್ಕವನ್ನು ನಿನ್ನ ಮುಂದೆ ಇಡುತ್ತೇನೆ, ಏಕೆಂದರೆ ನಾನು ಪ್ರಯತ್ನಪಡದೆಯೇ ಕೈಚೆಲ್ಲಿದೆ ಎಂದು ನಿನಗೆ ಅನ್ನಿಸಬಾರದು. ಇಲ್ಲಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ. ಎರಡು ಕಡೆ ಇಳಿದು ಹತ್ತಿ, ಸುಮಾರು 30 ಗಂಟೆ ಕಳೆದು ಬೆಂಗಳೂರು ಮುಟ್ಟಿ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಬರಬೇಕು. ಮೇ ಮೊದಲ ವಾರಕ್ಕೆ ಹೋಗಿ ಬರುವ ಟಿಕೆಟ್ಟಿನ ದರವನ್ನು ಹತ್ತು ದಿನ ಬಿಡದೆ ನೋಡಿದೆ. ದಿನ ಬದಲಿಸಿ ನೋಡಿದೆ, ಊರು ಬದಲಿಸಿ ನೋಡಿದೆ. ನನಗೆ ಸಿಕ್ಕ ಅತಿ ಕಡಿಮೆ ದರ 2,340 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ. ಎಂಟು ದಿನದ ಸಂಬಳ ಹೋದರೆ ಇನ್ನೂ 1,440 ಡಾಲರ್. ಎರಡೂ ಸೇರಿದರೆ ನನ್ನ ಬ್ಯಾಂಕಿನಲ್ಲಿ ಈ ಹೊತ್ತು ಇರುವ ಒಟ್ಟು ಹಣವನ್ನು ಮೀರುತ್ತದೆ, ಮತ್ತು ಆ ಹಣದಲ್ಲೇ ಮುಂದಿನ ತಿಂಗಳ ಬಾಡಿಗೆಯೂ ಸೇರಿದೆ.

ನನ್ನ ಓದಿಗೆ ತೆಗೆದ ಸಾಲದ ವಿಷಯ ನಿನಗೆ ಗೊತ್ತು. ಅದರ ಕಂತು ಕಳೆದ ಫೆಬ್ರವರಿಯಿಂದ ಶುರುವಾಗಿದೆ, ತಿಂಗಳಿಗೆ 33,000 ರೂಪಾಯಿ. ನಿನಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಎಲೆಚುಕ್ಕಿ ರೋಗದಿಂದ ನಮ್ಮ ಮೇಲಿನ ತೋಟದ ಅಡಿಕೆ ಈ ವರ್ಷ ಅರ್ಧಕ್ಕೆ ಇಳಿದಿದೆ. ತಪ್ಪಿದ ಕಂತನ್ನು ಅಪ್ಪ ಕಟ್ಟುತ್ತಾರೆ ಎಂದು ನೆಚ್ಚಿಕೊಳ್ಳುವ ಸ್ಥಿತಿ ಈಗಿಲ್ಲ. ಆ ತೋಟವನ್ನೇ ಬ್ಯಾಂಕಿಗೆ ಅಡವಿಟ್ಟು ಅವರು ನನ್ನನ್ನು ಇಲ್ಲಿಗೆ ಕಳಿಸಿದ್ದು. ಅಪ್ಪ ಇದನ್ನು ಊರಲ್ಲಿ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ನಿನಗೆ ಬರೆಯುವ ಮುಂಚೆ ಅವರನ್ನು ಕೇಳಿಯೇ ಬರೆದಿದ್ದೇನೆ, ನಿನ್ನಲ್ಲೇ ಇರಲಿ.

ಮೂರು ವಾರದ ಹಿಂದೆ ನೀನು, ಟಿಕೆಟ್ಟಿನ ಹಣ ನಾನು ಹಾಕುತ್ತೇನೆ, ನೀನು ಬಂದರೆ ಸಾಕು ಎಂದೆ. ಆಗ ನಾನು ಏನೂ ಉತ್ತರ ಕೊಡದೆ ಮಾತು ಬದಲಿಸಿದೆ. ಅದು ನನ್ನ ತಪ್ಪು, ಈಗ ಉತ್ತರಿಸುತ್ತೇನೆ. ಆ ಹಣ ನನಗೆ ಬೇಡ, ನಾಗಶ್ರೀ. ಇದು ಬಿಗುಮಾನದ ಮಾತಲ್ಲ. ಅಂಗಳದಲ್ಲೇ ಚಪ್ಪರ ಹಾಕಿಸಿ, ಛತ್ರದ ಬಾಡಿಗೆ ಉಳಿಸಿ, ಅಪ್ಪಯ್ಯನಿಗೆ ಹೊರೆಯಾಗಬಾರದೆಂದು ನಿನ್ನ ಆರು ವರ್ಷದ ದುಡಿಮೆಯಿಂದಲೇ ಮದುವೆ ಮಾಡಿಕೊಳ್ಳುತ್ತಿರುವವಳು ನೀನು. ಅದರಲ್ಲಿ ಒಂದೂವರೆ ಲಕ್ಷ ನನ್ನ ವಿಮಾನಕ್ಕೆ ಹೋದರೆ, ಧಾರೆಯ ಹೊತ್ತಿಗೆ ನಿನ್ನ ಪಕ್ಕದಲ್ಲಿ ನಿಂತರೂ ನನ್ನ ಮನಸ್ಸು ಆ ಲೆಕ್ಕದಲ್ಲೇ ಇರುತ್ತದೆ.

ಮದುವೆ ತುಳಸಿ ಹಬ್ಬ ಕಳೆದ ಮೇಲೆ ಎಂದು ಜನವರಿಯಲ್ಲಿ ಮಾತಾಗಿತ್ತು. ಅದನ್ನು ನಂಬಿ ನಾನು ತಿಂಗಳಿಗೆ 250 ಡಾಲರ್ ಬೇರೆ ತೆಗೆದಿಡಲು ಶುರುಮಾಡಿದ್ದೆ. ದಿನ ಮೇ ತಿಂಗಳಿಗೇ ಬಂದದ್ದಕ್ಕೆ ನೀನು ಫೋನಿನಲ್ಲಿ ಮತ್ತೆ ಮತ್ತೆ ಕ್ಷಮೆ ಕೇಳಿದೆ. ಅದರ ಅಗತ್ಯವಿಲ್ಲ. ಸುಹಾಸನ ಅಜ್ಜಿಗೆ 91 ವರ್ಷ, ಅವರು ಕಣ್ಣಾರೆ ನೋಡಬೇಕು ಎಂಬುದು ಎಲ್ಲಕ್ಕಿಂತ ದೊಡ್ಡ ಕಾರಣ. ಮೇ 17ಕ್ಕೆ ಅಧಿಕ ಜ್ಯೇಷ್ಠ ಹಿಡಿಯುತ್ತದೆ, ಅದು ಕಳೆದರೆ ನಿಜ ಜ್ಯೇಷ್ಠ, ನೀವಿಬ್ಬರೂ ಮನೆಯ ಹಿರಿಯ ಮಕ್ಕಳಾದ್ದರಿಂದ ಆ ತಿಂಗಳೂ ಆಗದು, ಅದರ ಬೆನ್ನಿಗೇ ಆಷಾಢ. ವೈಶಾಖದಲ್ಲೇ ಮುಗಿಸದೆ ನಿಮಗೆ ಬೇರೆ ದಾರಿ ಇರಲಿಲ್ಲ. ನನಗೋಸ್ಕರ ದಿನ ಬದಲಿಸುವ ಮಾತನ್ನು ನೀನು ಎತ್ತಿದ್ದೆ ಎಂದು ಅಮ್ಮನಿಂದ ತಿಳಿಯಿತು. ದಯವಿಟ್ಟು ಇನ್ನೊಮ್ಮೆ ಎತ್ತಬೇಡ.

ಹಣದ ಬಗ್ಗೆ ಇಷ್ಟು ಬಿಚ್ಚಿ ಬರೆಯುವ ಧೈರ್ಯ ನನಗೆ ಬಂದದ್ದು ನಿನ್ನಿಂದಲೇ. ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿದ್ದಾಗ, ಅಪ್ಪ ಮರದಿಂದ ಬಿದ್ದು ಆಸ್ಪತ್ರೆ ಸೇರಿದ್ದ ತಿಂಗಳು, ಪರೀಕ್ಷೆಯ ಶುಲ್ಕ ಕಟ್ಟಲು ನನ್ನಲ್ಲಿ ಏನೂ ಇರಲಿಲ್ಲ. ಕೇಳಲು ನಾಚಿಕೊಂಡು ಎರಡು ದಿನ ಸುಮ್ಮನಿದ್ದೆ. ನೀನು ನಿನ್ನ ಟ್ರಂಕು ತೆಗೆದು, ಮಡಚಿಟ್ಟಿದ್ದ ನೋಟುಗಳನ್ನು ಮಂಚದ ಮೇಲೆ ಹರಡಿ ಎಣಿಸಿ, "ನನ್ನ ಹತ್ತಿರ 1,600 ಇದೆ, ಊರಿಗೆ ಹೋಗುವ ಬಸ್ಸಿಗೆ ನೂರು ನನಗೆ ಬೇಕು, ಉಳಿದದ್ದು ತೆಗೆದುಕೋ, ಸಾಲದಿದ್ದರೆ ಬೇರೆ ಎಲ್ಲಾದರೂ ನೋಡು" ಎಂದೆ. ಆ ನೂರು ರೂಪಾಯಿಯನ್ನು ನೀನು ಬಚ್ಚಿಡಲಿಲ್ಲ, ಅದನ್ನೂ ಕೊಟ್ಟು ದೊಡ್ಡವಳಾಗಲೂ ಹೋಗಲಿಲ್ಲ. ಆ ಶನಿವಾರ ಮಂಡಗದ್ದೆ ದಾಟುವವರೆಗೂ ನಾವಿಬ್ಬರೂ ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು, ನನ್ನ ಟಿಕೆಟ್ಟನ್ನೂ ಆ ನೂರರಲ್ಲೇ ನೀನು ತೆಗೆದಿದ್ದೆ. ಆ ದಿನದಿಂದ ನಮ್ಮಿಬ್ಬರ ನಡುವೆ ಹಣದ ಮಾತಿಗೆ ಮುಚ್ಚುಮರೆ ಇರಲಿಲ್ಲ, ಇವತ್ತೂ ಬೇಡ.

ಕಲಶದ ವಿಷಯಕ್ಕೆ ಬರುತ್ತೇನೆ. ಬರೆಯಲು ಅತಿ ಕಷ್ಟವಾದದ್ದು ಇದು. ನಿನಗೆ ಒಡಹುಟ್ಟಿದ ಅಕ್ಕತಂಗಿಯರಿಲ್ಲ, ಕಲಶಗಿತ್ತಿ ನಾನೇ ಆಗಬೇಕೆಂದು ಎಂಟನೇ ತರಗತಿಯಲ್ಲಿ ತುಂಗೆಯ ಕಲ್ಲಿನ ಮೇಲೆ ಕೂತು ನೀನು ಹೇಳಿದ್ದು, ನಾನು ಹೂಂ ಎಂದದ್ದು ಮರೆತಿಲ್ಲ. ನನ್ನ ಜಾಗವನ್ನು ದಯವಿಟ್ಟು ಖಾಲಿ ಇಡಬೇಡ. ನಿನ್ನ ಚಿಕ್ಕಪ್ಪನ ಮಗಳು ಸ್ಫೂರ್ತಿಯನ್ನು ಈ ವಾರವೇ ಕೇಳು. ನಾನು ಬರುವುದಿಲ್ಲವಾದ್ದರಿಂದ ಅವಳನ್ನು ಕರೆದೆ ಎಂದು ಹೇಳಬೇಡ. ನೀನು ನಿಲ್ಲಬೇಕು ಎಂದಷ್ಟೇ ಹೇಳು. ನನಗೆಂದು ನೀನು ತೆಗೆದಿಟ್ಟಿರುವ ಹಸಿರು ಸೀರೆಯನ್ನು ಅವಳೇ ಉಟ್ಟುಕೊಂಡು ಕಲಶ ಹಿಡಿಯಲಿ. ಅದನ್ನು ನನಗೋಸ್ಕರ ಎತ್ತಿಟ್ಟರೆ ನನಗೆ ಸಂಕಟವಾಗುತ್ತದೆ, ಅವಳು ಉಟ್ಟರೆ ಸಂತೋಷವಾಗುತ್ತದೆ.

ಅಪ್ಪ ಅಮ್ಮ ಇಬ್ಬರೂ ಹಿಂದಿನ ದಿನವೇ ನಿಮ್ಮಲ್ಲಿಗೆ ಬರುತ್ತಾರೆ. ಚಪ್ಪರಕ್ಕೆ ಬೇಕಾದ ಅಡಿಕೆ ದಬ್ಬೆ ನಮ್ಮ ತೋಟದಿಂದಲೇ ಬರಲಿ ಎಂದು ಅಪ್ಪ ಹೇಳಿದ್ದಾರೆ, ಅಪ್ಪಯ್ಯನಿಗೆ ಒಂದು ಮಾತು ತಿಳಿಸಿಬಿಡು. ನನ್ನ ಹೆಸರಿನ ಮುಯ್ಯಿಯನ್ನು ಅಮ್ಮ ಓದಿಸುತ್ತಾರೆ. ಅದು ದೊಡ್ಡ ಮೊತ್ತವಲ್ಲ, ನನ್ನಿಂದ ಈಗ ಆಗುವುದು ಅಷ್ಟೇ. ಹೋಗದೆ ಉಳಿಸಿದ ಹಣದಲ್ಲಿ ದೊಡ್ಡ ಉಡುಗೊರೆ ಕಳಿಸುತ್ತೇನೆ ಎಂದು ನಿನ್ನನ್ನು ಸಮಾಧಾನಪಡಿಸಲಾರೆ. ಉಳಿಯುವ ಹಣ ಎಂಬುದೇ ಇಲ್ಲ.

ನಿನ್ನ ಮುಹೂರ್ತ 11 ಗಂಟೆ 35 ನಿಮಿಷಕ್ಕೆ. ಇಲ್ಲಿ ಆಗ ಮಧ್ಯರಾತ್ರಿ ಕಳೆದು ಐದು ನಿಮಿಷ. ನಾನು ಎದ್ದಿರುತ್ತೇನೆ. ಧಾರೆಯ ಹೊತ್ತಿಗೆ ಯಾರಾದರೂ ಹುಡುಗರು ಹತ್ತು ನಿಮಿಷ ವಾಟ್ಸಾಪಿನಲ್ಲಿ ತೋರಿಸಿದರೆ ಧನ್ಯಳು. ನಿಮ್ಮಲ್ಲಿ ಸಿಗ್ನಲ್ ಸಿಗಬೇಕಾದರೆ ಹಟ್ಟಿಯ ಹಿಂದಿನ ದಿಬ್ಬ ಹತ್ತಬೇಕು ಎಂಬುದೂ ಗೊತ್ತು. ಸಿಗದಿದ್ದರೆ ಅದಕ್ಕಾಗಿ ಯಾರನ್ನೂ ಓಡಾಡಿಸಬೇಡ, ಮಂಟಪದಲ್ಲಿ ಕೂತು ನೀನೂ ಫೋನಿನ ಕಡೆ ನೋಡಬೇಡ.

ಯಾವಾಗ ಬರುತ್ತೀಯ ಎಂದು ನೀನು ಕೇಳುತ್ತೀಯ. ಈ ವರ್ಷದ ಕೊನೆಗೆ ಎಂದು ಹೇಳಿಬಿಡುವುದು ಸುಲಭ, ಆದರೆ ಮಾತು ತಪ್ಪಿದರೆ ಇನ್ನೊಮ್ಮೆ ಇಂಥದ್ದೇ ಪತ್ರ ಬರೆಯಬೇಕಾಗುತ್ತದೆ. ಈಗಿನ ಲೆಕ್ಕ ನಡೆದರೆ 2027ರ ಬೇಸಿಗೆಯಲ್ಲಿ ಆಗಬಹುದು. ಟಿಕೆಟ್ ತೆಗೆದ ದಿನವೇ ತಿಳಿಸುತ್ತೇನೆ, ಅದಕ್ಕೆ ಮುಂಚೆ ದಿನ ಹೇಳುವುದಿಲ್ಲ.

ಇದನ್ನು ಓದಿ ನಿನಗೆ ಬೇಸರವಾದರೆ, ಸಿಟ್ಟು ಬಂದರೂ ಸರಿಯೇ, ನಾಲ್ಕು ದಿನ ಮಾತಾಡದೆ ಇದ್ದುಬಿಡು. ನಾನು ತಪ್ಪು ತಿಳಿಯುವುದಿಲ್ಲ. ಈ ಪತ್ರದ ಫೋಟೋವನ್ನು ಇವತ್ತೇ ನಿನ್ನ ಫೋನಿಗೆ ಕಳಿಸುತ್ತೇನೆ, ಕಾಗದ ಹಿಂದಿನಿಂದ ಅಂಚೆಯಲ್ಲಿ ಬರುತ್ತದೆ. ಸುಹಾಸನಿಗೆ ನನ್ನ ಶುಭಾಶಯ ತಿಳಿಸು. ಅಪ್ಪಯ್ಯ, ಅಮ್ಮ, ಅಜ್ಜಿಗೆ ನಮಸ್ಕಾರಗಳು. ಸ್ಫೂರ್ತಿ ಒಪ್ಪಿದ ಕೂಡಲೇ ನನಗೊಂದು ಸಾಲು ಬರೆ. ಕಲಶ ಹಿಡಿದು ನಡೆಯುವಾಗ ಸೆರಗು ಕಾಲಿಗೆ ತೊಡರದಂತೆ ಹೇಗೆ ಸಿಕ್ಕಿಸಿಕೊಳ್ಳಬೇಕೆಂದು ನನಗೆ ಅಮ್ಮ ಹೇಳಿಕೊಟ್ಟಿದ್ದಾರೆ, ಅವಳಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಇಂತಿ ನಿನ್ನ,
ಪ್ರತಿಮಾ