ರಾಯಚೂರಿನ ಒಂದು ಬೋಧನಾ ಆಸ್ಪತ್ರೆಯ ವಯಸ್ಕ ಒಳರೋಗಿಗಳಲ್ಲಿ ಒತ್ತಡದ ಗಾಯಗಳ ಪ್ರಮಾಣ: ಎಂ.ಎಸ್ಸಿ. ನರ್ಸಿಂಗ್ ಪ್ರಬಂಧದ ಪ್ರಸ್ತಾವನೆಯ ರೂಪರೇಖೆ

ಹಿನ್ನೆಲೆ
ವಾರ್ಡಿನಲ್ಲಿ ನಾವು ಬೆಡ್‌ಸೋರ್ ಎಂದು ಕರೆಯುವ ಗಾಯ ಚರ್ಮ ಒಡೆಯುವ ಮೊದಲೇ ಆರಂಭವಾಗಿರುತ್ತದೆ. ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಅದರ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಈ ಕೆಂಪು ಸುಲಭವಾಗಿ ಕಾಣದ ಕಾರಣ, ಆ ಭಾಗದ ಬಿಸಿ, ಗಡಸು ಹಾಗೂ ನೋವನ್ನು ಕೈಯಿಂದ ಮುಟ್ಟಿ, ರೋಗಿಯನ್ನು ಕೇಳಿ ತಿಳಿಯಬೇಕಾಗುತ್ತದೆ. ಕೇಸ್ ಶೀಟ್‌ಗಳನ್ನು ಮಾತ್ರ ಎಣಿಸಿದರೆ ಮೊದಲ ಹಂತದ ಗಾಯಗಳು ತಪ್ಪಿಹೋಗುವ ಸಂಭವ ಹೆಚ್ಚು. ಆದ್ದರಿಂದ ಈ ಅಧ್ಯಯನ ದಾಖಲೆಯನ್ನಲ್ಲ, ಚರ್ಮವನ್ನೇ ಪರೀಕ್ಷಿಸುತ್ತದೆ.

ಉದ್ದೇಶಗಳು
ಗೊತ್ತುಪಡಿಸಿದ ಎರಡು ದಿನಗಳಲ್ಲಿ, ಆಯಾ ದಿನ ಒಳರೋಗಿಗಳಲ್ಲಿ ಎಷ್ಟು ಮಂದಿಗೆ ಗಾಯವಿದೆ ಎಂಬುದನ್ನು ಅಳೆಯುವುದು ಮುಖ್ಯ ಉದ್ದೇಶ. ಗಾಯದ ಹಂತ, ಜಾಗ ಮತ್ತು ಬ್ರೇಡನ್ ಅಂಕದೊಂದಿಗೆ ಅದರ ಸಂಬಂಧವನ್ನು ನೋಡುವುದು ಉಪ ಉದ್ದೇಶ.

ವಿಧಾನ
ಇದು ಅಡ್ಡಛೇದ ಸಮೀಕ್ಷೆ. ಮೆಡಿಸಿನ್, ಸರ್ಜರಿ, ಮೂಳೆ ವಿಭಾಗ ಮತ್ತು ಐಸಿಯುಗಳಲ್ಲಿ ಎಣಿಕೆಯ ದಿನ ಬೆಳಿಗ್ಗೆ ದಾಖಲಿದ್ದು, ಸಮ್ಮತಿಸಿದ 18 ವರ್ಷ ಮೇಲ್ಪಟ್ಟ ಎಲ್ಲರನ್ನೂ, ಅಂದಾಜು 240 ಮಂದಿಯನ್ನು, ಪರೀಕ್ಷಿಸಲಾಗುವುದು. ಲೆಕ್ಕಕ್ಕಾಗಿ ಪ್ರಮಾಣ 10% ಎಂದು ಇಟ್ಟುಕೊಂಡರೆ, ಈ ಸಂಖ್ಯೆ 95% ವಿಶ್ವಾಸದಲ್ಲಿ ಸುಮಾರು 4 ಶೇಕಡಾ ಅಂಶಗಳಷ್ಟು ಆಚೀಚಿನ ನಿಖರತೆ ನೀಡುತ್ತದೆ.

ಇಬ್ಬರು ನರ್ಸ್‌ಗಳ ಎಂಟು ಜೋಡಿಗಳು ತಲೆಯ ಹಿಂಭಾಗ, ತ್ರಿಕಾಸ್ಥಿ, ಸೊಂಟದ ಪಕ್ಕ ಹಾಗೂ ಹಿಮ್ಮಡಿಯಷ್ಟೇ ಅಲ್ಲದೆ, ಆಕ್ಸಿಜನ್ ಟ್ಯೂಬ್ ಮತ್ತು ಸ್ಪ್ಲಿಂಟ್ ತಾಗುವ ಜಾಗಗಳನ್ನೂ ನೋಡುವರು. ಜೋಡಿಯ ಇಬ್ಬರೂ ಒಬ್ಬರ ಗುರುತನ್ನು ಇನ್ನೊಬ್ಬರಿಗೆ ತೋರಿಸದೆ ಹಂತವನ್ನು ಬರೆಯುವರು. ಹೊಂದಿಕೆಯನ್ನು ಕಪ್ಪಾ ಮೌಲ್ಯದಿಂದ ಅಳೆಯಲಾಗುವುದು. ಹಂತ ವಿಂಗಡಣೆಗೆ 2016ರ ಪರಿಷ್ಕೃತ ವರ್ಗೀಕರಣವನ್ನು ಬಳಸಲಾಗುವುದು. ಬ್ರೇಡನ್ ಮಾಪಕದ ಮೊತ್ತ 6ರಿಂದ 23ರವರೆಗಿದ್ದು, 18 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ಅಪಾಯದಲ್ಲಿರುವವರೆಂದು ಎಣಿಸಲಾಗುವುದು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಗಾಯ ಎಲ್ಲಿ ಆಯಿತು ಎಂಬುದು. ಸಿಂಧನೂರು, ದೇವದುರ್ಗ, ಲಿಂಗಸೂಗೂರು ಕಡೆಯಿಂದ ಬರುವ ಪಾರ್ಶ್ವವಾಯು ರೋಗಿಗಳಲ್ಲಿ ಕೆಲವರು ಮನೆಯಲ್ಲೇ ವಾರಗಟ್ಟಲೆ ಮಲಗಿದ್ದವರಾಗಿರಬಹುದು. ಅವರ ಗಾಯವನ್ನು ಆಸ್ಪತ್ರೆಯ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ದಾಖಲಾದ 24 ಗಂಟೆಗಳೊಳಗೆ ಬರೆದ ಗಾಯವನ್ನು 'ತಂದದ್ದು', ಆಗ ಚರ್ಮ ಸರಿಯಿತ್ತೆಂದು ಬರೆದಿದ್ದು ಈಗ ಗಾಯವಿದ್ದರೆ 'ಇಲ್ಲಿ ಆದದ್ದು' ಎಂದು ವಿಂಗಡಿಸಲಾಗುವುದು. ಆ ದಾಖಲೆಯೇ ಇಲ್ಲದಿದ್ದರೆ ಮನೆಯವರನ್ನು ಕೇಳಿದರೂ ಊಹೆಗೆ ಹೋಗದೆ 'ಮೂಲ ತಿಳಿಯದು' ಎಂದೇ ಇಡಲಾಗುವುದು.

ಎಣಿಕೆಯನ್ನು ಜನವರಿ ಮತ್ತು ಮೇ ತಿಂಗಳ ತಲಾ ಒಂದು ಬುಧವಾರ ನಡೆಸಲಾಗುವುದು. ರಾಯಚೂರಿನ ಬೇಸಿಗೆಯಲ್ಲಿ ರೆಕ್ಸಿನ್ ಹಾಸಿಗೆಯ ಮೇಲೆ ಬೆವರು ನಿಲ್ಲುವುದರಿಂದ ಈ ಹೋಲಿಕೆ ಕುತೂಹಲಕರ, ಆದರೆ ಎರಡು ದಿನಗಳ ಅಂತರವನ್ನು ಋತುವಿನ ಪರಿಣಾಮವೆಂದು ಸಾಧಿಸಲಾಗದು.

ನೈತಿಕತೆ
ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯ ನಂತರವೇ ಕೆಲಸ ಆರಂಭವಾಗುವುದು. ರೋಗಿಯ ಅಥವಾ, ಅವರಿಗೆ ಪ್ರಜ್ಞೆ ಇಲ್ಲದಿದ್ದಲ್ಲಿ, ಹತ್ತಿರದ ಸಂಬಂಧಿಯ ಒಪ್ಪಿಗೆಯನ್ನು ಕನ್ನಡದಲ್ಲಿ ಓದಿ ಹೇಳಿ ಪಡೆಯಲಾಗುವುದು. ಪರೀಕ್ಷೆ ಪರದೆಯೊಳಗೆ ನಡೆಯುವುದು, ಮಹಿಳೆಯರನ್ನು ಮಹಿಳಾ ನರ್ಸ್‌ಗಳೇ ನೋಡುವರು, ಫೋಟೊ ತೆಗೆಯುವುದಿಲ್ಲ. ಕಂಡ ಪ್ರತಿ ಗಾಯವನ್ನೂ ಆಗಲೇ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಅವರಿಗೆ ತಿಳಿಸಲಾಗುವುದು.