ಎಂ.ಕಾಂ. ಹೂಡಿಕೆ ನಿರ್ವಹಣೆ: ಬಂಡವಾಳ ಮಾರುಕಟ್ಟೆ ರೇಖೆಯ ಪ್ರಶ್ನೆ ಮತ್ತು ಮಾದರಿ ಉತ್ತರ

ಪ್ರಶ್ನೆ (15 ಅಂಕಗಳು)

ಮಾರುಕಟ್ಟೆಯಲ್ಲಿ ‘ಅ’ ಮತ್ತು ‘ಬ’ ಎಂಬ ಎರಡು ಷೇರು ನಿಧಿಗಳು ಮಾತ್ರ ಇವೆ. ‘ಅ’ ನಿಧಿಯ ನಿರೀಕ್ಷಿತ ಪ್ರತಿಫಲ 10%, ಪ್ರಮಾಣಿತ ವಿಚಲನೆ 10%. ‘ಬ’ ನಿಧಿಯವು ಎರಡೂ 15%. ಇವುಗಳ ನಡುವಿನ ಸಹಸಂಬಂಧ ಸೊನ್ನೆ. ಟ್ರೆಜರಿ ಬಿಲ್‌ನ ಅಪಾಯರಹಿತ ಬಡ್ಡಿ 6%. ಹೂಡಿಕೆದಾರರ ತುಷ್ಟಿಗುಣ U = E − ½kσ²; ಇಲ್ಲಿ E ನಿರೀಕ್ಷಿತ ಪ್ರತಿಫಲ, σ ಪ್ರಮಾಣಿತ ವಿಚಲನೆ, k ಅಪಾಯದ ಬಗೆಗಿನ ಹಿಂಜರಿಕೆಯ ಅಳತೆ; ಶಾರದಾ ಅವರಿಗೆ k = 10, ನಾಗರಾಜ ಅವರಿಗೆ k = 5.

(ಅ) ಸ್ಪರ್ಶ ಸಂಚಯವನ್ನೂ ಬಂಡವಾಳ ಮಾರುಕಟ್ಟೆ ರೇಖೆಯ ಸಮೀಕರಣವನ್ನೂ ಕಂಡುಹಿಡಿಯಿರಿ.
(ಆ) ಇಬ್ಬರ ಅತ್ಯುತ್ತಮ ಹೂಡಿಕೆಗಳನ್ನು ನಿರ್ಧರಿಸಿ.
(ಇ) 6%ಗೆ ಹೂಡಬಹುದಾದರೂ ಸಾಲಕ್ಕೆ 9% ತೆರಬೇಕಾದರೆ ನಾಗರಾಜ ಅವರ ಆಯ್ಕೆ ಏನಾಗುತ್ತದೆ?

ಮಾದರಿ ಉತ್ತರ

(ಅ) ಸಹಸಂಬಂಧ ಸೊನ್ನೆಯಾದ್ದರಿಂದ ಪ್ರತಿ ನಿಧಿಯ ಪಾಲು, ಅದರ ಹೆಚ್ಚುವರಿ ಪ್ರತಿಫಲವನ್ನು ವೇರಿಯನ್ಸ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. 4/100 ಮತ್ತು 9/225 ಎರಡೂ 0.04 ಆದುದರಿಂದ ಪಾಲುಗಳು ಸಮವಾಗುತ್ತವೆ. ಆಗ E = 12.5%, σ² = 81.25, σ = 9.01%. ಎಲ್ಲ ಹೂಡಿಕೆದಾರರ ಅಂದಾಜುಗಳೂ ಒಂದೇ ಎಂದು ಭಾವಿಸಿದಾಗ ಇದೇ ಮಾರುಕಟ್ಟೆ ಸಂಚಯವಾಗುತ್ತದೆ. ಆ ಭಾವನೆಯನ್ನು ಬರೆಯದೆ ರೇಖೆಗೆ ಬಂಡವಾಳ ಮಾರುಕಟ್ಟೆ ರೇಖೆ ಎಂಬ ಹೆಸರು ಕೊಡುವುದು ಸರಿಯಲ್ಲ. ಇಳಿಜಾರು 6.5/9.01 = 0.72.

E = 6 + 0.72σ

ಇದು ದಕ್ಷ ಸಂಚಯಗಳಿಗೆ ಮಾತ್ರ ಅನ್ವಯಿಸುವ, ಒಟ್ಟು ಅಪಾಯದ ರೇಖೆ. ಅಡ್ಡ ಅಕ್ಷದಲ್ಲಿ ಬೀಟಾ ಗುರುತಿಸಿದವರು ಬೇರೊಂದು ಪ್ರಶ್ನೆಗೆ ಉತ್ತರಿಸಿದ್ದಾರೆ.

(ಆ) ಸ್ಪರ್ಶ ಸಂಚಯದಲ್ಲಿ ತೊಡಗಿಸಬೇಕಾದ ಪಾಲು 0.065/(k × 0.008125), ಅಂದರೆ 8/k. ಶಾರದಾ ಅವರು 80%ನ್ನು ಅದರಲ್ಲೂ 20%ನ್ನು ಟ್ರೆಜರಿ ಬಿಲ್‌ನಲ್ಲೂ ಇಡಬೇಕು: E = 11.2%, σ = 7.21%. ನಾಗರಾಜ ಅವರು 60%ನಷ್ಟು ಸಾಲ ಪಡೆದು 160% ತೊಡಗಿಸಬೇಕು: E = 16.4%, σ = 14.42%. ‘ಅ’, ‘ಬ’ಗಳ ಪರಸ್ಪರ ಅನುಪಾತ ಇಬ್ಬರಲ್ಲೂ ಸಮವೇ, ಅಪಾಯದ ಬಗೆಗಿನ ಮನೋಭಾವ ನಿರ್ಧರಿಸುವುದು ಸಾಲ ಮತ್ತು ಠೇವಣಿಯ ಪ್ರಮಾಣವನ್ನಷ್ಟೇ. 1958ರಲ್ಲಿ ಜೇಮ್ಸ್ ಟೋಬಿನ್ ಮಂಡಿಸಿದ ವಿಭಜನೆಯ ತತ್ವ ಇದೇ.

(ಇ) ಇಲ್ಲಿಯೇ ಉತ್ತರಪತ್ರಿಕೆಗಳು ಎಡವುತ್ತವೆ. 9%ಗೆ ಎಳೆದ ಹೊಸ ಸ್ಪರ್ಶರೇಖೆಯ ಸಂಚಯದಲ್ಲಿ ‘ಅ’ 3/11, ‘ಬ’ 8/11 ಇರುತ್ತವೆ; E = 13.64%, σ = 11.24%. ಅದರಲ್ಲಿ ನಾಗರಾಜ ಅವರ ಅತ್ಯುತ್ತಮ ಪಾಲು 0.73, ಅಂದರೆ ಒಂದಕ್ಕಿಂತ ಕಡಿಮೆ. ಹಾಗಾಗಿ ಅವರು ಸಾಲ ಮಾಡುವುದಿಲ್ಲ. 6%ರ ರೇಖೆಯಲ್ಲಿ ಅವರಿಗೆ 1.6 ಬೇಕಿರುವುದರಿಂದ ಟ್ರೆಜರಿ ಬಿಲ್ಲನ್ನೂ ಕೊಳ್ಳುವುದಿಲ್ಲ. ಉಳಿದಿರುವುದು ಎರಡು ಸ್ಪರ್ಶಬಿಂದುಗಳ ನಡುವಿನ ದಕ್ಷ ವಕ್ರರೇಖೆಯ ತುಣುಕು. ‘ಅ’ ಪಾಲು w ಎಂದಿಟ್ಟು U ಗರಿಷ್ಠಗೊಳಿಸಿದರೆ

−0.05 − 2.5(0.065w − 0.045) = 0, w = 5/13

ಆಗ E = 13.08%, σ = 10%, U = 0.1058. ಹಳೆಯ ಸ್ಪರ್ಶ ಸಂಚಯದಲ್ಲಿ 9% ಬಡ್ಡಿಗೆ ಸಾಲ ತಂದು 160% ತೊಡಗಿಸಿದ್ದರೆ U ಕೇವಲ 0.094 ಆಗುತ್ತಿತ್ತು.